ಬೂತ್ ನಂಬರಿಗೆ ಬೈದರೆ ಊರಿಗೆಲ್ಲ ಬೈದ ಹಾಗೆ: ವಿಪಿಎನ್ ಹಾಕಿದಾಗ ಕ್ಯಾಪ್ಚಾ ಯಾಕೆ ಕಾಡುತ್ತದೆ?

ವಿಪಿಎನ್ ಆನ್ ಮಾಡಿ ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಒಂಬತ್ತು ಚೌಕದ ಚಿತ್ರ ಎದುರಿಗೆ ಬಂದು ನಿಲ್ಲುತ್ತದೆ. ಸಿಗ್ನಲ್ ದೀಪ ಇರುವ ಚೌಕ ಒತ್ತಿ, ಬಸ್ಸು ಇರುವ ಚೌಕ ಒತ್ತಿ ಎನ್ನುತ್ತದೆ. ಸರಿಯಾಗಿ ಒತ್ತಿದರೂ ಇನ್ನೊಂದು ಚಿತ್ರ ಬರುತ್ತದೆ. ಕೆಲವು ಕಡೆ ಅಷ್ಟು ಮರ್ಯಾದೆಯೂ ಇಲ್ಲ, `Access denied` ಎಂದು ಬರೆದು ಬಾಗಿಲೇ ಹಾಕಿಬಿಟ್ಟಿರುತ್ತಾರೆ.

ಯಾಕೆ ಹೀಗೆ ಎಂದು ಮೊಬೈಲ್ ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: "ವಿಪಿಎನ್ ಅಂದ್ರೆ ಕಳ್ಳರ ದಾರಿ ಕಣ್ರೀ, ಅದಕ್ಕೇ ತಡೀತಾರೆ." ವಿಪಿಎನ್ ಮಾರುವವರನ್ನು ಕೇಳಿದರೆ ಇನ್ನೊಂದು ರಾಗ: "ನಿಮ್ಮ ಮಾಹಿತಿ ಕದಿಯೋಕೆ ಆಗಲ್ಲ ಅಂತ ವೆಬ್‌ಸೈಟಿನವರಿಗೆ ಹೊಟ್ಟೆಯುರಿ." ಎರಡೂ ಪೂರ್ತಿ ನಿಜವಲ್ಲ. ತಡೆ ಬೀಳುವುದು ನೀವು ಏನೋ ಮಾಡಿದ್ದಕ್ಕಲ್ಲ. ನೀವು ಯಾರ ಜೊತೆ ಒಂದೇ ವಿಳಾಸ ಹಂಚಿಕೊಂಡಿದ್ದೀರಿ ಎಂಬುದಕ್ಕೆ. ಈ ಲೆಕ್ಕ ನಮಗೆ ಗೊತ್ತಿರಬೇಕು. ಯಾಕೆಂದರೆ ಜೀವನದಲ್ಲಿ ಒಮ್ಮೆಯೂ ವಿಪಿಎನ್ ಮುಟ್ಟದ ಹಳ್ಳಿಯ ಮೊಬೈಲ್ ಬಳಕೆದಾರನಿಗೂ ಇದೇ ಲೆಕ್ಕ ಅನ್ವಯವಾಗುತ್ತಿದೆ.

ಬಸ್‌ಸ್ಟ್ಯಾಂಡಿನ ಕಾಯಿನ್ ಬೂತ್

ಮೂವತ್ತು ದಾಟಿದವರಿಗೆ ಕಾಯಿನ್ ಬೂತ್ ನೆನಪಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಫೋನು, ಊರಿನವರೆಲ್ಲ ಒಂದು ರೂಪಾಯಿ ಹಾಕಿ ಮಾತಾಡುತ್ತಿದ್ದರು. ಯಾರೇ ಮಾತಾಡಿದರೂ ಆಚೆಯವರಿಗೆ ಕಾಣುತ್ತಿದ್ದದ್ದು ಬೂತಿನ ನಂಬರ್ ಮಾತ್ರ. ಈಗ ಯಾರೋ ಒಬ್ಬ ಪೋಲಿ ದಿನಾ ಆ ಬೂತಿನಿಂದ ಒಂದೇ ಮನೆಗೆ ಫೋನ್ ಮಾಡಿ ಪೀಡಿಸಿದ ಎಂದಿಟ್ಟುಕೊಳ್ಳಿ. ಆ ಮನೆಯವರು ಏನು ಮಾಡಿಯಾರು? ಆ ನಂಬರಿನಿಂದ ಕರೆ ಬಂದರೆ ಎತ್ತುವುದೇ ಬಿಡುತ್ತಾರೆ. ಮರುದಿನ ಅದೇ ಬೂತಿನಿಂದ ಅವರ ಸ್ವಂತ ಅತ್ತೆ ಫೋನ್ ಮಾಡಿದರೂ ಎತ್ತುವುದಿಲ್ಲ.

ವಿಪಿಎನ್ ಎಂದರೆ ಹೆಚ್ಚುಕಡಿಮೆ ಈ ಬೂತೇ. ಇಂಟರ್ನೆಟ್ಟಿನಲ್ಲಿ ನಿಮ್ಮ ಕೋರಿಕೆ ಹೋದ ಕಡೆಗೆಲ್ಲ ಒಂದು ಐಪಿ ವಿಳಾಸವೂ ಹೋಗುತ್ತದೆ, ಉತ್ತರ ವಾಪಸ್ ಬರಲು ಅದು ಬೇಕೇ ಬೇಕು. ವಿಪಿಎನ್ ಹಾಕಿದಾಗ ನಿಮ್ಮ ಫೋನಿನ ಕೋರಿಕೆ ಮೊದಲು ವಿಪಿಎನ್ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ವೆಬ್‌ಸೈಟಿಗೆ ಹೋಗುತ್ತದೆ. ವೆಬ್‌ಸೈಟಿಗೆ ಕಾಣುವುದು ಆ ಸರ್ವರಿನ ವಿಳಾಸ. ಅದೇ ಸರ್ವರಿನಿಂದ ಅದೇ ಹೊತ್ತಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಜನ ಹೊರಗೆ ಹೋಗುತ್ತಿರುತ್ತಾರೆ. ನಿಮ್ಮನ್ನು ಮರೆಮಾಡುವುದು ಈ ಗುಂಪೇ. ನಿಮಗೆ ಕೆಟ್ಟ ಹೆಸರು ತರುವುದೂ ಇದೇ ಗುಂಪು.

ವಿಪಿಎನ್ ಎಂಬ ತಂತ್ರಜ್ಞಾನದಲ್ಲಿ ದೋಷವಿಲ್ಲ ಎನ್ನುವುದಕ್ಕೆ ಒಂದು ಸಾಕ್ಷಿ ಇದೆ. ಮನೆಯಿಂದ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಹುಡುಗ ಹುಡುಗಿಯರು ಊರೂರಲ್ಲಿ ಇದ್ದಾರೆ. ಅವರೂ ಆಫೀಸಿನ ವಿಪಿಎನ್ ಹಾಕಿಯೇ ಕೂರುತ್ತಾರೆ. ಅವರಿಗೆ ಈ ಚೌಕದ ಕಾಟ ಅಷ್ಟಾಗಿ ಇರುವುದಿಲ್ಲ. ಯಾಕೆಂದರೆ ಆ ವಿಳಾಸದಿಂದ ಹೊರಗೆ ಹೋಗುವವರು ಆ ಕಂಪನಿಯ ಸಿಬ್ಬಂದಿ ಮಾತ್ರ. ತಂತ್ರಜ್ಞಾನ ಅದೇ, ಬೂತು ಮಾತ್ರ ಖಾಸಗಿ.

ವಿಳಾಸಕ್ಕೆ ಹೆಸರು ಬರುವುದು ಹೇಗೆ

ಒಂದು ವಿಳಾಸ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವ ಕಚೇರಿ ಎಲ್ಲೂ ಇಲ್ಲ. ದೊಡ್ಡ ವೆಬ್‌ಸೈಟುಗಳು, ವೆಬ್‌ಸೈಟುಗಳಿಗೆ ಕಾವಲು ಕಾಯುವ ಕ್ಲೌಡ್‌ಫ್ಲೇರ್‌ನಂಥ ಕಂಪನಿಗಳು, ಪಟ್ಟಿ ಮಾಡಿ ಮಾರುವ ಸಂಸ್ಥೆಗಳು ತಮ್ಮ ತಮ್ಮ ಅಂಕ ಕೊಡುತ್ತವೆ. ಅದಕ್ಕೇ ಒಂದು ಸೈಟಿನಲ್ಲಿ ಸಲೀಸಾಗಿ ಹೋದವರು ಇನ್ನೊಂದರಲ್ಲಿ ಸಿಕ್ಕಿಬೀಳುತ್ತಾರೆ. ಆದರೆ ಎಲ್ಲರೂ ನೋಡುವುದು ಮುಖ್ಯವಾಗಿ ಮೂರು ಸಂಗತಿ.

ಮೊದಲನೆಯದು ನಡತೆ. ಕಳೆದ ಕೆಲವು ಗಂಟೆ, ಕೆಲವು ದಿನಗಳಲ್ಲಿ ಆ ವಿಳಾಸದಿಂದ ಏನೇನು ಬಂತು? ತಪ್ಪು ಪಾಸ್‌ವರ್ಡ್ ಹಾಕಿ ಸಾವಿರಾರು ಸಲ ಲಾಗಿನ್ ಪ್ರಯತ್ನ ಆಯಿತೇ? ಕಸದ ಕಾಮೆಂಟು, ಕಸದ ಮೇಲ್ ಬಂತೇ? ನಿಮಿಷಕ್ಕೆ ನೂರಾರು ಪುಟ ಕೇಳಿತೇ? ಇಂಥದ್ದು ಕಂಡಾಗಲೆಲ್ಲ ಅಂಕ ಕೆಡುತ್ತದೆ. ಹೊಸ ತಪ್ಪು ಕಾಣದಿದ್ದರೆ ಹಳೆಯದರ ಭಾರ ದಿನ ಕಳೆದಂತೆ ಇಳಿಯುತ್ತದೆ.

ಎರಡನೆಯದು ಕುಲ. ಹೌದು, ಅದೇ ಮಾತು ಇಲ್ಲಿಗೆ ಸರಿ. ವಿಳಾಸಗಳನ್ನು ಯಾವ ಸಂಸ್ಥೆಗೆ ಕೊಟ್ಟಿದ್ದಾರೆ ಎಂಬ ದಾಖಲೆ ಬಹಿರಂಗವಾಗಿದೆ. ಇದು ಮೊಬೈಲ್ ಕಂಪನಿಯದ್ದು, ಇದು ಮನೆ ಬ್ರಾಡ್‌ಬ್ಯಾಂಡಿನದ್ದು, ಇದು ಡೇಟಾ ಸೆಂಟರಿನದ್ದು ಎಂದು ಯಾರು ಬೇಕಾದರೂ ನೋಡಬಹುದು. ಡೇಟಾ ಸೆಂಟರಿನಲ್ಲಿ ಮನುಷ್ಯರು ಕೂತು ಪೇಪರ್ ಓದುವುದಿಲ್ಲ, ಅಲ್ಲಿಂದ ಬರುವುದು ಯಂತ್ರವೇ ಇರಬೇಕು ಎಂಬುದು ಸೈಟುಗಳ ಅಂದಾಜು. ಆದರೆ ವಿಪಿಎನ್ ಕಂಪನಿಗಳು ಬಹುಪಾಲು ಸರ್ವರುಗಳನ್ನು ಬಾಡಿಗೆಗೆ ಪಡೆಯುವುದೇ ಡೇಟಾ ಸೆಂಟರುಗಳಲ್ಲಿ. ಹಾಗಾಗಿ ಯಾರೂ ಏನೂ ಮಾಡುವ ಮೊದಲೇ ಅನುಮಾನ ಶುರುವಾಗಿರುತ್ತದೆ.

ಮೂರನೆಯದು ನೆರೆಹೊರೆ. ವಿಳಾಸಗಳನ್ನು ಸಾಲಾಗಿ ಹಂಚುತ್ತಾರೆ, 256 ವಿಳಾಸಗಳದ್ದು ಒಂದು ಸಾಮಾನ್ಯ ಸಾಲು. ಒಂದೇ ಸಾಲಿನ ಹತ್ತಿಪ್ಪತ್ತು ವಿಳಾಸ ಕೆಟ್ಟರೆ ಉಳಿದವನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಹಂಚಿಕೊಂಡ ವಿಳಾಸದಲ್ಲಿ ಈ ಮೂರೂ ಕೂಡುತ್ತವೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಹಳೆಯ ತಪ್ಪಿನ ಭಾರ ಇಳಿಯುವಷ್ಟರಲ್ಲಿ ಬೂತಿಗೆ ಇನ್ನೊಬ್ಬ ಪೋಲಿ ಬಂದಿರುತ್ತಾನೆ. ಸುಧಾರಿಸಿಕೊಳ್ಳಲು ಆ ವಿಳಾಸಕ್ಕೆ ಬಿಡುವೇ ಇಲ್ಲ.

ನಮ್ಮ ಕಡೆಯಿಂದಲೂ ಒಂದು ಸೇರುತ್ತದೆ. ಕ್ಯಾಪ್ಚಾ ವಿಳಾಸ ಒಂದನ್ನೇ ನೋಡುವುದಿಲ್ಲ. ಗೂಗಲಿನ ರೀಕ್ಯಾಪ್ಚಾದ 2018ರ ಆವೃತ್ತಿ ಚಿತ್ರವನ್ನೇ ತೋರಿಸದೆ ಪ್ರತಿ ಭೇಟಿಗೂ 0.0ರಿಂದ 1.0ರವರೆಗೆ ಅಂಕ ಕೊಡುತ್ತದೆ. ಸೊನ್ನೆಯ ಹತ್ತಿರ ಇದ್ದರೆ ಯಂತ್ರ, ಒಂದರ ಹತ್ತಿರ ಇದ್ದರೆ ಮನುಷ್ಯ. ಆ ಅಂಕ ನೋಡಿ ಏನು ಮಾಡಬೇಕೆಂದು ಸೈಟಿನ ಮಾಲೀಕ ತೀರ್ಮಾನಿಸುತ್ತಾನೆ. ಮೊದಲು ಬಂದು ಹೋದ ಗುರುತು ಬ್ರೌಸರಿನಲ್ಲಿ ಉಳಿದಿದ್ದರೆ, ವಿಳಾಸ ಕೆಟ್ಟಿದ್ದರೂ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಆದರೆ ಗೋಪ್ಯತೆ ಬೇಕೆಂದು ವಿಪಿಎನ್ ಹಾಕುವವರು ಆ ಗುರುತುಗಳನ್ನೂ ಅಳಿಸುತ್ತಾರೆ. ಆಗ ತೂಗಿ ನೋಡಲು ಉಳಿಯುವುದು ಬೂತಿನ ಹೆಸರು ಮಾತ್ರ.

ನೂರಕ್ಕೆ 94: ಒಂದು ಲೆಕ್ಕದ ಮೋಸ

2016ರ ಮಾರ್ಚಿನಲ್ಲಿ ಕ್ಲೌಡ್‌ಫ್ಲೇರ್ ಕಂಪನಿ ಒಂದು ಅಂಕಿ ಹೊರಹಾಕಿತು. ಟಾರ್ ಜಾಲದಿಂದ ತಮಗೆ ಬರುವ ಕೋರಿಕೆಗಳಲ್ಲಿ ನೂರಕ್ಕೆ 94 ದುರುದ್ದೇಶದವು ಎಂದಿತು. ಟಾರ್ ವಿಪಿಎನ್ ಅಲ್ಲ, ಆದರೆ ಅಲ್ಲಿಯೂ ಲಕ್ಷಾಂತರ ಜನ ಕೆಲವೇ ವಿಳಾಸಗಳಿಂದ ಹೊರಗೆ ಬರುತ್ತಾರೆ. ಹಾಗಾಗಿ ಅದೇ ಸಮಸ್ಯೆ. ಟಾರ್ ನಡೆಸುವವರು ಆ ಲೆಕ್ಕದ ವಿಧಾನವನ್ನೇ ಪ್ರಶ್ನಿಸಿದರು. ಅವರ ಜಗಳ ಒತ್ತಟ್ಟಿಗಿರಲಿ. 94 ಎಂಬ ಅಂಕಿ ಸರಿ ಎಂದೇ ಒಪ್ಪಿಕೊಳ್ಳೋಣ. ಹಾಗಾದರೆ ಅಲ್ಲಿರುವ ನೂರು ಜನರಲ್ಲಿ 94 ಜನ ಕಳ್ಳರೇ? ಅಲ್ಲ. ಕೈಯಲ್ಲೇ ಲೆಕ್ಕ ಹಾಕೋಣ ಬನ್ನಿ.

ಒಂದು ವಿಳಾಸದಿಂದ ಒಂದು ದಿನ 1,000 ಜನ ಹೊರಗೆ ಹೋದರು ಎಂದಿಟ್ಟುಕೊಳ್ಳಿ. ಅದರಲ್ಲಿ 990 ಜನ ನಮ್ಮ ನಿಮ್ಮಂಥವರು, ತಲಾ 20 ಪುಟ ಕೇಳಿದರು. ಒಟ್ಟು 19,800 ಕೋರಿಕೆ. ಉಳಿದ 10 ಜನ ಕಂಪ್ಯೂಟರಿಗೆ ಕೆಲಸ ಹಚ್ಚಿ ಮಲಗಿದವರು. ಅವರ ಯಂತ್ರ ತಲಾ 30,000 ಸಲ ಕದ ಬಡಿಯಿತು. ಒಟ್ಟು 3,00,000 ಕೋರಿಕೆ. ಎರಡನ್ನೂ ಕೂಡಿದರೆ 3,19,800. ಅದರಲ್ಲಿ ಕೆಟ್ಟವು ನೂರಕ್ಕೆ 94ರಷ್ಟು. ಆದರೆ ಕೆಟ್ಟ ಜನ ನೂರಕ್ಕೆ ಒಬ್ಬ ಮಾತ್ರ.

ಇಡೀ ಜಗಳ ಇರುವುದು ಇಲ್ಲೇ. ಸೈಟು ಎಣಿಸುವುದು ಕೋರಿಕೆಗಳನ್ನು, ಬಾಗಿಲು ಹಾಕುವುದು ಮನುಷ್ಯರಿಗೆ. ಎಣಿಕೆ ಸುಳ್ಳಲ್ಲ, ಶಿಕ್ಷೆ ಬೀಳುವ ಜಾಗ ತಪ್ಪು.

ಕೆಟ್ಟವರೇ ಇಲ್ಲದಿದ್ದರೂ ಹಂಚಿಕೊಂಡ ವಿಳಾಸ ಸಿಕ್ಕಿಬೀಳುತ್ತದೆ. ಒಂದು ಸೈಟು "ಒಂದು ವಿಳಾಸಕ್ಕೆ ನಿಮಿಷಕ್ಕೆ 100 ಕೋರಿಕೆ" ಎಂದು ಮಿತಿ ಹಾಕಿದೆ ಎನ್ನಿ. ಪರೀಕ್ಷೆಯ ಫಲಿತಾಂಶ ಬರುವ ದಿನ ಒಂದೇ ವಿಳಾಸದ 60 ಹುಡುಗರು ಅದೇ ನಿಮಿಷದಲ್ಲಿ ತಲಾ ಎರಡು ಪುಟ ತೆರೆದರೆ 120 ಆಯಿತು, ಮಿತಿ ಮುರಿಯಿತು. ಅರವತ್ತೂ ಹುಡುಗರು ಸಾಚಾ. ಆದರೂ ಪರದೆ ಮೇಲೆ `429 Too Many Requests` ಬರುತ್ತದೆ.

ಸೈಟಿನವರ ಮಾತಿನಲ್ಲೂ ಹುರುಳಿದೆ

ಇಷ್ಟು ಬೈದ ಮೇಲೆ ಆಚೆ ಬದಿಯನ್ನೂ ಹೇಳಬೇಕು. ಒಂದು ಚಿಕ್ಕ ಸೈಟು ನಡೆಸುವವರಿಗೂ ರಾತ್ರಿಯೆಲ್ಲ ಯಂತ್ರಗಳ ದಾಳಿ ತಪ್ಪಿದ್ದಲ್ಲ. ಬೇರೆ ಕಡೆ ಸೋರಿದ ಪಾಸ್‌ವರ್ಡುಗಳ ಪಟ್ಟಿ ಹಿಡಿದು ಒಂದೊಂದಾಗಿ ಹಾಕಿ ನೋಡುತ್ತಾರೆ. ನೂರರಲ್ಲಿ ಒಂದು ಹೊಂದಿದರೂ ಯಾರದೋ ಖಾತೆ ಹೋಯಿತು. ಕಾಣದ ಮನುಷ್ಯನನ್ನು ಹೇಗೆ ಗುರುತಿಸುವುದು? ಕಾಣುವುದು ವಿಳಾಸ ಮಾತ್ರ, ಅದನ್ನೇ ಹಿಡಿದರು. ಅನುಮಾನ ಪಡುವುದು ತಪ್ಪಲ್ಲ. ಅನುಮಾನವನ್ನೇ ತೀರ್ಪು ಮಾಡುವುದು ತಪ್ಪು.

ಕ್ಯಾಪ್ಚಾ ಎಂದರೆ ಪ್ರಶ್ನೆ ಕೇಳುವುದು, ಪೂರ್ತಿ ತಡೆ ಎಂದರೆ ತೀರ್ಪು ಕೊಡುವುದು. ಸುದ್ದಿ ಓದುವ ಪುಟಕ್ಕೆ, ಹವಾಮಾನದ ಪುಟಕ್ಕೆ, ಅರ್ಜಿ ನಮೂನೆ ಇಳಿಸಿಕೊಳ್ಳುವ ಪುಟಕ್ಕೆ ಪೂರ್ತಿ ತಡೆ ಯಾಕೆ? ಅಲ್ಲಿ ಕದಿಯಲು ಏನಿದೆ? ಲಾಗಿನ್, ಹಣ ಪಾವತಿಯಂಥ ಕಡೆ ಕಾವಲು ಬಿಗಿಯಾಗಿರಲಿ. ಉಳಿದ ಕಡೆ ಬಾಗಿಲು ತೆರೆದಿರಲಿ. ತಡೆ ಹಾಕಲೇಬೇಕಾದರೆ ಒಂದು ಗಂಟೆಗೆ ಹಾಕಲಿ, ತಿಂಗಳಿಗಲ್ಲ.

ಪ್ರಶ್ನೆ ಕೇಳುವ ರೀತಿಯಲ್ಲೂ ನ್ಯಾಯ ಬೇಕು. ರೀಕ್ಯಾಪ್ಚಾ `fire hydrants` ಹುಡುಕಿ ಎನ್ನುತ್ತದೆ. ಅಮೆರಿಕದ ರಸ್ತೆ ಬದಿಯಲ್ಲಿ ಬೆಂಕಿ ಆರಿಸುವವರಿಗೆಂದು ನೆಟ್ಟ ಮೊಣಕಾಲೆತ್ತರದ ನೀರಿನ ಕಂಬ ಅದು. ನಮ್ಮ ಯಾವ ಹೋಬಳಿಯಲ್ಲಿ ಅದಿದೆ? ಅದನ್ನು ಗುರುತಿಸಲಾರದ ರೈತ ಮನುಷ್ಯನಲ್ಲವೇ? ಕ್ಲೌಡ್‌ಫ್ಲೇರ್ ಕಂಪನಿಯೇ 2021ರಲ್ಲಿ ಬರೆದಂತೆ ಒಂದು ಕ್ಯಾಪ್ಚಾ ಬಿಡಿಸಲು ಸರಾಸರಿ 32 ಸೆಕೆಂಡು ಬೇಕು. ಚಿತ್ರ ಯಾವುದೆಂದೇ ತಿಳಿಯದವರಿಗೆ, ಟವರ್ ಸರಿಯಾಗಿ ಸಿಗದ ಊರಿನಲ್ಲಿ, ಎಷ್ಟು ಬೇಕೋ ನೀವೇ ಹೇಳಿ.

ವಿಪಿಎನ್ ಹಾಕದವರಿಗೂ ಇದೇ ಗತಿ

"ನಾನು ವಿಪಿಎನ್ ಹಾಕೋದೇ ಇಲ್ಲ, ನನಗ್ಯಾಕೆ ಇದು" ಎನ್ನುವವರು ಇಲ್ಲಿ ನಿಲ್ಲಿ. ಹಳೆಯ ನಮೂನೆಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 429 ಕೋಟಿ ಮಾತ್ರ. ಏಷ್ಯಾ ಪೆಸಿಫಿಕ್ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆಯ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಕಂತಿಗೆ ಬಂತು. ನಮ್ಮಲ್ಲಿ ಕೋಟಿಗಟ್ಟಲೆ ಜನರ ಕೈಗೆ ಮೊಬೈಲ್ ಇಂಟರ್ನೆಟ್ ಬಂದದ್ದು ಅದಾದ ಮೇಲೆ. ವಿಳಾಸ ಕಡಿಮೆ, ಜನ ಹೆಚ್ಚು. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಬಹಳ ಮಂದಿ ಗ್ರಾಹಕರಿಗೆ ಹಂಚುತ್ತವೆ. ಹೊಸ ನಮೂನೆಯ ವಿಳಾಸ, ಅಂದರೆ ಐಪಿವಿ6, ಪ್ರತಿ ಫೋನಿಗೂ ಬೇರೆ ಬೇರೆ ಕೊಡುವಷ್ಟು ಇದೆ. ಆದರೆ ಎಲ್ಲ ಸೈಟುಗಳೂ ಅದಕ್ಕೆ ಬಂದಿಲ್ಲ. ಬಾರದ ಸೈಟಿಗೆ ಹೋದಾಗ ನೀವು ಮತ್ತೆ ಹಳೆಯ ಬೂತಿನಲ್ಲೇ ನಿಂತಿರುತ್ತೀರಿ.

2025ರಲ್ಲಿ ಕ್ಲೌಡ್‌ಫ್ಲೇರ್ ಇದನ್ನು ಒಪ್ಪಿಕೊಂಡಿತು. ಹೀಗೆ ಹಂಚಿಕೊಂಡ ವಿಳಾಸಗಳಿಂದ ಯಂತ್ರಗಳ ಕಾಟ ಹೆಚ್ಚೇನೂ ಇಲ್ಲದಿದ್ದರೂ ಅವುಗಳ ಮೇಲೆ ಮಿತಿ ಬೀಳುವುದು ಬೇರೆ ವಿಳಾಸಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಎಂದು ಅದು ಬರೆಯಿತು. ವಿಳಾಸ ಮೊದಲೇ ಹಂಚಿಹೋಗಿದ್ದ ಶ್ರೀಮಂತ ದೇಶಗಳಲ್ಲಿ ಮನೆಗೊಂದು ವಿಳಾಸ. ತಡವಾಗಿ ಬಂದ ನಮ್ಮಂಥ ದೇಶಗಳಲ್ಲಿ ಊರಿಗೊಂದು ವಿಳಾಸ. ಶಿಕ್ಷೆ ಯಾರಿಗೆ ಹೆಚ್ಚು ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬಿಟ್ಟಿ ವಿಪಿಎನ್ ಎಂಬ ಬಲೆ

ನಮ್ಮವರು ಹೆಚ್ಚಾಗಿ ಹಾಕುವುದು ಬಿಟ್ಟಿ ಆ್ಯಪ್. ಅದರಲ್ಲಿ ಸರ್ವರ್ ಕಡಿಮೆ, ಜನ ಜಾಸ್ತಿ. ಹಾಗಾಗಿ ವಿಳಾಸ ಬೇಗ ಕೆಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ: ಕೆಲವು ಬಿಟ್ಟಿ ವಿಪಿಎನ್‌ಗಳು ನಿಮ್ಮನ್ನೇ ಬೂತ್ ಮಾಡುತ್ತವೆ.

2015ರಲ್ಲಿ ಹೋಲಾ ಎಂಬ ಬಿಟ್ಟಿ ವಿಪಿಎನ್ ಬಳಕೆದಾರರ ಸಂಪರ್ಕವನ್ನೇ ಬೇರೆಯವರಿಗೆ ಹಣಕ್ಕೆ ಕೊಡುತ್ತಿತ್ತು ಎಂಬುದು ಬಯಲಾಯಿತು. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ 911 ಎಸ್5 ಎಂಬ ಜಾಲವನ್ನು ಮುರಿಯಿತು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್ ಮುಂತಾದ ಬಿಟ್ಟಿ ವಿಪಿಎನ್‌ಗಳನ್ನು ಕಂಪ್ಯೂಟರಿಗೆ ಹಾಕಿಕೊಂಡವರ ವಿಳಾಸಗಳನ್ನು ವಂಚಕರಿಗೆ ಬಾಡಿಗೆ ಕೊಡುತ್ತಿದ್ದ ಜಾಲ ಅದು. ಹಾಗೆ ಸಿಕ್ಕಿಬಿದ್ದ ವಿಳಾಸಗಳು 1.9 ಕೋಟಿಗೂ ಹೆಚ್ಚು, ಸುಮಾರು 200 ದೇಶಗಳಲ್ಲಿ. ಮನೆಯ ವಿಳಾಸಕ್ಕೆ ಒಳ್ಳೆಯ ಹೆಸರು ಇರುತ್ತದೆ, ವಂಚಕರಿಗೆ ಬೇಕಾದದ್ದೂ ಅದೇ. ಹೆಸರು ಕೆಟ್ಟ ಮೇಲೆ ವಿಪಿಎನ್ ಆಫ್ ಮಾಡಿದರೂ ಕ್ಯಾಪ್ಚಾ ಬಿಡುವುದಿಲ್ಲ.

ತಡೆ ಯಾತರಿಂದ ಎಂದು ತಿಳಿಯುವುದು ಹೇಗೆ

ಪರದೆ ಮೇಲಿನ ಮಾತು ಓದಿ. ಗೂಗಲಿನಲ್ಲಿ `Our systems have detected unusual traffic from your computer network` ಎಂದು ಬಂದರೆ ನಿಮ್ಮ ವಿಳಾಸದಿಂದ ಯಾರೋ ಯಂತ್ರ ಓಡಿಸಿದ ಅನುಮಾನ ಎಂದರ್ಥ. `429` ಅಥವಾ `Error 1015` ಎಂದರೆ ಕೋರಿಕೆಗಳ ಮಿತಿ ಮೀರಿದೆ, ಸ್ವಲ್ಪ ಹೊತ್ತು ಬಿಟ್ಟರೆ ತೆರೆಯಬಹುದು. `403` ಅಥವಾ `Access denied` ಎಂದರೆ ನೇರ ತಡೆ, ಕಾದು ಪ್ರಯೋಜನ ಕಡಿಮೆ.

ಆಮೇಲೆ ವಿಪಿಎನ್ ಆಫ್ ಮಾಡಿ ಅದೇ ಪುಟ ತೆರೆಯಿರಿ. ತೆರೆದರೆ ತಪ್ಪು ವಿಪಿಎನ್ ವಿಳಾಸದ್ದು. ಅದೇ ವಿಪಿಎನ್‌ನಲ್ಲಿ ಬೇರೆ ಸರ್ವರ್ ಆರಿಸಿದರೂ ತೆರೆದರೆ ಕೆಟ್ಟದ್ದು ಆ ಒಂದು ವಿಳಾಸ ಮಾತ್ರ. ಯಾವ ಸರ್ವರ್ ಹಾಕಿದರೂ ಆಗದಿದ್ದರೆ ಸೈಟು ವಿಪಿಎನ್‌ಗಳನ್ನೇ ಒಟ್ಟಾಗಿ ತಡೆದಿದೆ, ಇಲ್ಲವೇ ದೇಶ ನೋಡಿ ತಡೆದಿದೆ. ವಿಪಿಎನ್ ಇಲ್ಲದೆ ಮೊಬೈಲ್ ಡೇಟಾದಲ್ಲೇ ತಡೆ ಬಂದರೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ಕೆಲವೊಮ್ಮೆ ಬೇರೆ ವಿಳಾಸ ಸಿಗುತ್ತದೆ. ಮನೆಯ ವೈಫೈನಲ್ಲಿ ವಿಪಿಎನ್ ಇಲ್ಲದೆಯೂ ವಾರಗಟ್ಟಲೆ ಕ್ಯಾಪ್ಚಾ ಬರುತ್ತಿದ್ದರೆ ಮನೆಯ ಫೋನು, ಕಂಪ್ಯೂಟರುಗಳಲ್ಲಿ ಬಿಟ್ಟಿ ವಿಪಿಎನ್ ಅಥವಾ ಗುರುತಿಲ್ಲದ ಆ್ಯಪ್ ಇದೆಯೇ ಎಂದು ಹುಡುಕಿ ತೆಗೆಯಿರಿ.

ದೇಶ ನೋಡಿ ತಡೆಯುವುದು ನಮ್ಮಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಇನ್ನೊಂದು ಕಾರಣವಿದೆ. ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದು ಕೇಂದ್ರದ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ವಿಪಿಎನ್ ಕಂಪನಿಗಳಿಗೆ ಆದೇಶ ಮಾಡಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನೇ ತೆಗೆದುಬಿಟ್ಟವು. ಅಂಥ ವಿಪಿಎನ್ ಹಾಕಿದ ರಾಯಚೂರಿನವರ ಕೋರಿಕೆ ವಿದೇಶದ ಯಂತ್ರವೊಂದರಿಂದ ಹೊರಟು ಬರುತ್ತದೆ. ಹೊರದೇಶದ ವಿಳಾಸಗಳಿಗೆ ಬಾಗಿಲು ಹಾಕಿದ ಸೈಟು ಅವರನ್ನು ತಡೆದರೆ ಅದು ವಿಳಾಸದ ಕೆಟ್ಟ ಹೆಸರಲ್ಲ, ಗಡಿಯ ಪ್ರಶ್ನೆ. ಆ ಆದೇಶ ಇದ್ದದ್ದು ಕಂಪನಿಗಳಿಗೆ. ವಿಪಿಎನ್ ಬಳಸುವುದೇ ಅಪರಾಧ ಎಂದು ಅದು ಹೇಳಲಿಲ್ಲ.

ಬೇರೆ ದಾರಿ ಇಲ್ಲದೆ ಇಲ್ಲ

ಒಮ್ಮೆ ಮನುಷ್ಯ ಎಂದು ತೋರಿಸಿದವರಿಗೆ ಹೆಸರಿಲ್ಲದ ಟೋಕನ್ ಕೊಟ್ಟು, ಮುಂದಿನ ಸೈಟುಗಳಲ್ಲಿ ಅದನ್ನೇ ಒಪ್ಪಿಕೊಳ್ಳುವ ಪದ್ಧತಿ ಇದೆ. ಪ್ರೈವೆಸಿ ಪಾಸ್ ಎಂಬ ಆ ಪದ್ಧತಿಯ ನಿಯಮಗಳು 2024ರಲ್ಲಿ ಅಂತಾರಾಷ್ಟ್ರೀಯ ಮಾನದಂಡವಾಗಿ ಪ್ರಕಟವಾದವು. ಟೋಕನ್ ಕೊಟ್ಟವರಿಗೆ ಅದು ಎಲ್ಲಿ ಖರ್ಚಾಯಿತು ಎಂದು ತಿಳಿಯುವುದಿಲ್ಲ, ಪಡೆದ ಸೈಟಿಗೆ ಅದು ಯಾರದು ಎಂದು ತಿಳಿಯುವುದಿಲ್ಲ. ಬೂತ್ ಯಾವುದೇ ಇರಲಿ, ಮಾತಾಡುವವನನ್ನು ನೋಡುವ ದಾರಿ ಇದು. ಆ್ಯಪಲ್ 2022ರಲ್ಲೇ ತನ್ನ ಫೋನುಗಳಲ್ಲಿ ಇಂಥದ್ದನ್ನು ಅಳವಡಿಸಿತು. ಆದರೆ ದುಬಾರಿ ಫೋನ್ ಇದ್ದವರು ಮಾತ್ರ ಸಲೀಸಾಗಿ ಮನುಷ್ಯರೆನಿಸಿಕೊಂಡು, ಹಳೆಯ ಆಂಡ್ರಾಯ್ಡ್ ಇರುವವರು ನೀರಿನ ಕಂಬ ಹುಡುಕುತ್ತಲೇ ಕೂರಬೇಕಾದರೆ ಅದು ಪರಿಹಾರವಲ್ಲ, ಹೊಸ ಪಂಕ್ತಿಭೇದ.

ವಿಪಿಎನ್ ಕಂಪನಿಗಳ ಮೇಲೂ ಹೊಣೆ ಇದೆ. ತಮ್ಮ ಸರ್ವರಿನಿಂದ ಸಾವಿರಗಟ್ಟಲೆ ಲಾಗಿನ್ ಪ್ರಯತ್ನ ಹೊರಡುವುದನ್ನು ಕಂಡೂ ಸುಮ್ಮನಿದ್ದು, ಉಳಿದ 990 ಜನರಿಂದ ತಿಂಗಳ ಹಣ ವಸೂಲಿ ಮಾಡುವುದು ಯಾವ ವ್ಯಾಪಾರ? ಸರ್ಕಾರಿ ಸೈಟು ಕಟ್ಟುವವರೂ ಕೇಳಿಸಿಕೊಳ್ಳಲಿ. ಪಹಣಿ, ಫಲಿತಾಂಶ, ಅರ್ಜಿ ನಮೂನೆ ಇವು ಜನರ ಹಕ್ಕಿನ ಕಾಗದಗಳು. ಒಂದು ವಿಳಾಸದ ಹಿಂದೆ ಒಂದು ಹೋಬಳಿಯೇ ನಿಂತಿರಬಹುದು ಎಂಬುದು ಮಿತಿಯ ಅಂಕಿ ಬರೆಯುವ ಎಂಜಿನಿಯರಿಗೆ ಗೊತ್ತಿರಬೇಕು. ಅದು ಗೊತ್ತಿಲ್ಲದೆ ಬರೆದ 100 ಎಂಬ ಅಂಕಿ ನೂರೊಂದನೆಯವರ ಕಾಗದವನ್ನು ತಡೆದು ನಿಲ್ಲಿಸುತ್ತದೆ.